ಮ್ಯಾನೇಜರನ್ನು ಬಿಡಿ, ಆ ಆರು ನಿಮಿಷ ಬರೆಯಿರಿ

“ಸಂಪಾದಕರಿಗೆ ನಮಸ್ಕಾರ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಹೇಳಿದ ‘ಕಬ್ಬಿಣದ ಪಂಜರ’ದ ಬಗ್ಗೆ, ಅಂದರೆ ನಿಯಮ, ಲೆಕ್ಕಗಳೇ ಮನುಷ್ಯರನ್ನು ಕಟ್ಟಿಹಾಕುವ ಸ್ಥಿತಿಯ ಬಗ್ಗೆ, ನಾನು ಕೆಲಸ ಮಾಡಿದ ಕಾಲ್ ಸೆಂಟರಿನ ಅನುಭವ ಇಟ್ಟುಕೊಂಡು ಬರೆದ ಲೇಖನ ಕಳಿಸಿದ್ದೇನೆ. ಓದಿದ ಗೆಳೆಯರು ಚೆನ್ನಾಗಿದೆ ಅಂದರು, ಆದರೆ ಯಾರಿಗೂ ನಾಟಿದಂತೆ ಕಾಣಲಿಲ್ಲ. ಎಲ್ಲಿ ಎಡವಿದ್ದೇನೆ?”

ಮೊದಲ ಪುಟದಲ್ಲೇ ಎಡವಿದ್ದೀರಿ. ಅಲ್ಲಿ ನಿಮ್ಮ ಮ್ಯಾನೇಜರ್ ಗದರುತ್ತಾರೆ, ಗಡಿಯಾರ ನೋಡುತ್ತಾರೆ, ಊಟಕ್ಕೆ ಎದ್ದವರನ್ನು ವಾಪಸ್ ಕೂರಿಸುತ್ತಾರೆ. ಅದು ಕೆಟ್ಟ ಮೇಲಧಿಕಾರಿಯ ಕಥೆ. ಅವರ ವರ್ಗಾವಣೆಯಾದರೆ ಕಥೆ ಮುಗಿಯಿತು. ಅವರ ಜಾಗಕ್ಕೆ ಒಳ್ಳೆಯವರೊಬ್ಬರು ಬಂದು, ಆಮೇಲೂ ಎಲ್ಲ ಹಾಗೇ ನಡೆದರೆ, ಆಗ ಅದು ವೆಬರ್ ಹೇಳುವ ಪಂಜರ.

ನಿಮ್ಮ ನಿಜವಾದ ಲೇಖನ ನಾಲ್ಕನೇ ಪುಟದಲ್ಲಿದೆ. ಅದನ್ನು ಮೂರು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಎರಡು ಸಲ ಹಣ ಕಡಿತವಾಯಿತೆಂದು ಒಬ್ಬ ವಯಸ್ಸಾದ ಮಹಿಳೆ ಕರೆ ಮಾಡುತ್ತಾರೆ. ಸರಿಪಡಿಸಲು 15 ನಿಮಿಷ ಬೇಕು. ಸರಾಸರಿ ಕರೆ 6 ನಿಮಿಷ ಮೀರಬಾರದು. ಐದನೇ ನಿಮಿಷಕ್ಕೆ ನೀವು, “ದೂರು ದಾಖಲಿಸಿದ್ದೇನೆ ಅಮ್ಮಾ, ನಾಳೆ ಇನ್ನೊಂದು ಸಲ ಕರೆ ಮಾಡಿ” ಅನ್ನುತ್ತೀರಿ. ಮೂರು ದಿನ ಮೂವರ ಹತ್ತಿರ ಐದೈದು ನಿಮಿಷ ಮಾತಾಡಿದ ಮೇಲೆ ಅವರ ಕೆಲಸ ಆಗುತ್ತದೆ.

ಇಲ್ಲಿ ನಿಂತು ಲೆಕ್ಕ ಹಾಕಿ. ವರದಿಯಲ್ಲಿ ಮೂರು ಕರೆ ಮುಗಿದಿವೆ, ಸರಾಸರಿ 5 ನಿಮಿಷ, ಮೂವರೂ ಮಿತಿಯೊಳಗೆ. ನೀವು ಒಂದೇ ಕೂತಲ್ಲಿ ಪೂರ್ತಿ ಮಾಡಿಕೊಟ್ಟಿದ್ದರೆ ಒಂದೇ ಕರೆ, 15 ನಿಮಿಷ, ನಿಮ್ಮ ಹೆಸರಿನ ಮುಂದೆ ಕೆಂಪು ಗುರುತು. ಸಂಸ್ಥೆ ಎರಡು ದಾರಿಯಲ್ಲೂ ಕೊಟ್ಟ ಸಮಯ ಒಂದೇ. ಆಕೆಗೆ ಮಾತ್ರ ಮೂರು ಸಲ ಕಾಯುವುದು, ಮೂರು ಸಲ ಅದೇ ಗೋಳನ್ನು ಮೊದಲಿಂದ ಹೇಳುವುದು. ಯಾರೂ ನಿಯಮ ಮುರಿಯಲಿಲ್ಲ, ಯಾರೂ ಸೋಮಾರಿಯಾಗಿರಲಿಲ್ಲ. ವೆಬರ್ ರೂಪದ ತರ್ಕ ಮತ್ತು ಸಾರದ ತರ್ಕ ಎಂದು ಬೇರ್ಪಡಿಸಿದ್ದು ಇದನ್ನೇ: ಲೆಕ್ಕ ಸರಿಯಾಗಿದೆ, ಯಾವುದಕ್ಕಾಗಿ ಲೆಕ್ಕ ಇಟ್ಟರೋ ಅದು ಕೈತಪ್ಪಿದೆ. ಒಂದೇ ವಿಷಯಕ್ಕೆ ಒಂದು ವಾರದಲ್ಲಿ ಮತ್ತೆ ಕರೆ ಮಾಡಿದವರು ಎಷ್ಟು ಮಂದಿ ಎಂಬ ಕಾಲಂ ನಿಮ್ಮ ವರದಿಯಲ್ಲಿ ಇತ್ತೇ? ಇರಲಿಲ್ಲವಾದರೆ ಅದನ್ನು ಬರೆಯಿರಿ. ಓದುಗರಿಗೆ ಪಂಜರದ ಸರಳು ಕಾಣುವುದು ಆ ಇಲ್ಲದ ಕಾಲಂನಲ್ಲಿ.

ಇನ್ನೊಂದು ವಿಷಯ ನೀವು ಬೇಕೆಂದೇ ಬಿಟ್ಟಿದ್ದೀರಿ ಅನ್ನಿಸಿತು. ರಾತ್ರಿ ಪಾಳಿಯನ್ನು ಮೊದಲು ಟೀಮ್ ಲೀಡ್ ತಮಗಾಗದವರಿಗೆ ಹಾಕುತ್ತಿದ್ದರು, ಆಮೇಲೆ ಸರದಿ ಪಟ್ಟಿ ಬಂತು ಎಂದು ಒಂದು ಕಡೆ ಹೇಳಿ ಮುಂದೆ ಹೋಗಿದ್ದೀರಿ. ಅದು ನಿಮ್ಮ ವಾದಕ್ಕೆ ಅಡ್ಡ ಬರುತ್ತದೆಂದು ಹೆದರಬೇಡಿ. ಮುಖ ನೋಡಿ ಮಣೆ ಹಾಕುವುದನ್ನು ನಿಲ್ಲಿಸಿದ್ದು ಅದೇ ನಿಯಮದ ಮನೋಭಾವ. ದ್ವೇಷವೂ ಇಲ್ಲದೆ, ಮಮತೆಯೂ ಇಲ್ಲದೆ ಕೆಲಸ ಮಾಡುವುದು ಅಧಿಕಾರಶಾಹಿಯ ಲಕ್ಷಣವೆಂದೇ ವೆಬರ್ ಬರೆದರು. ನಿಮ್ಮನ್ನು ಕಾಪಾಡಿದ ನಿಯಮವೂ ಆ ಮಹಿಳೆಯನ್ನು ಮೂರು ದಿನ ಅಲೆಸಿದ ನಿಯಮವೂ ಒಂದೇ ಬೇರಿನವು. ಅದಕ್ಕೇ ಅದನ್ನು ಕಿತ್ತೆಸೆಯೋಣ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ.

‘ಪಂಜರ’ ಪದದ ಬಗ್ಗೆಯೂ ಎಚ್ಚರ ಬೇಕು. 1904-05ರ ಪ್ರಬಂಧದಲ್ಲಿ ವೆಬರ್ ಬಳಸಿದ ಜರ್ಮನ್ ಮಾತಿಗೆ ಉಕ್ಕಿನಷ್ಟು ಗಟ್ಟಿಯಾದ ಕವಚ ಎಂದರೆ ಹೆಚ್ಚು ಹತ್ತಿರ. ‘ಕಬ್ಬಿಣದ ಪಂಜರ’ ಬಂದದ್ದು 1930ರಲ್ಲಿ, ಟಾಲ್ಕಟ್ ಪಾರ್ಸನ್ಸ್ ಮಾಡಿದ ಇಂಗ್ಲಿಷ್ ಅನುವಾದದಿಂದ. ಪಂಜರದೊಳಗಿನ ಹಕ್ಕಿ ಹಕ್ಕಿಯಾಗಿಯೇ ಉಳಿಯುತ್ತದೆ. ಕವಚ ಮೈಗೆ ಅಂಟಿ, ಮೈ ಅದರ ಆಕಾರಕ್ಕೆ ಬೆಳೆಯುತ್ತದೆ. ಕೆಲಸ ಬಿಟ್ಟ ಮೇಲೂ ತಾಯಿಯ ಫೋನ್ ಬಂದರೆ ಐದನೇ ನಿಮಿಷಕ್ಕೆ ಗಡಿಯಾರದತ್ತ ಕಣ್ಣು ಹೋಗುತ್ತಿತ್ತು ಎಂದು ಬರೆದಿದ್ದೀರಲ್ಲ, ಅದು ಕವಚ. ಆ ಸಾಲು ಓದಿ ನಾನು ಕಾಗದ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ.

ಕೊನೆಯ ಪುಟದಲ್ಲಿ ‘ಇದರಿಂದ ಬಿಡುಗಡೆಯೇ ಇಲ್ಲ’ ಎಂದಿದ್ದೀರಿ. ನಾನು ಒಪ್ಪುವುದಿಲ್ಲ. ಸಮಾಜಶಾಸ್ತ್ರಜ್ಞ ಪೀಟರ್ ಬ್ಲಾವ್ ಅಮೆರಿಕದ ಒಂದು ಸರ್ಕಾರಿ ಉದ್ಯೋಗ ಕಚೇರಿಯನ್ನು ಹತ್ತಿರದಿಂದ ನೋಡಿ 1955ರಲ್ಲಿ ಪ್ರಕಟಿಸಿದರು. ಅಲ್ಲಿ ಮೊದಲು ಎಷ್ಟು ಸಂದರ್ಶನ ನಡೆಸಿದಿರಿ ಎಂದು ಎಣಿಸುತ್ತಿದ್ದರು. ಸಿಬ್ಬಂದಿ ಸಂದರ್ಶನದ ಸಂಖ್ಯೆ ಹೆಚ್ಚಿಸಿದರು, ಕೆಲಸ ಹುಡುಕಿಕೊಡಲು ಹೊತ್ತು ಉಳಿಯಲಿಲ್ಲ. ಎಷ್ಟು ಜನಕ್ಕೆ ಕೆಲಸ ಕೊಡಿಸಿದಿರಿ ಎಂದೂ ಎಣಿಸತೊಡಗಿದಾಗ, ಖಾಲಿ ಹುದ್ದೆಯ ಚೀಟಿಗಳನ್ನೇ ಪಕ್ಕದವರಿಗೆ ಕಾಣದಂತೆ ಬಚ್ಚಿಟ್ಟುಕೊಂಡರು. ಆದರೆ ಅದೇ ಕಚೇರಿಯ ಇನ್ನೊಂದು ವಿಭಾಗದಲ್ಲಿ, ಮೇಲ್ವಿಚಾರಕರು ಅಂಕಿಗಳಿಗೆ ಅಷ್ಟು ತೂಕ ಕೊಡದಿದ್ದಲ್ಲಿ, ಚೀಟಿಗಳು ಕೈಯಿಂದ ಕೈಗೆ ಹೋದವು. ಒಟ್ಟಾರೆ ಹೆಚ್ಚು ಕೆಲಸ ಮಾಡಿದ್ದು ಆ ವಿಭಾಗ.

ನಿಮ್ಮ ಮಹಡಿಯಲ್ಲೂ ಕೆಂಪು ಗುರುತು ಬಿದ್ದರೂ ಕರೆ ಕತ್ತರಿಸದ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರಿಗೆ ಏನಾಯಿತು? ಅದನ್ನು ಸೇರಿಸಿ, ನಾಲ್ಕನೇ ಪುಟವನ್ನು ಮೊದಲಿಗೆ ತಂದು, ಮತ್ತೆ ಕಳಿಸಿ.