ಡಬಲ್ ಎಕ್ಸ್‌ಚೇಂಜ್ ಎಲ್ಲಿವರೆಗೆ ಸಾಕು, ಎಲ್ಲಿಂದ ಸಾಲದು

“La0.67Ca0.33MnO3ಗೆ ಕಾಂತಕ್ಷೇತ್ರ ಕೊಟ್ಟರೆ ರೆಸಿಸ್ಟೆನ್ಸ್ ಅಷ್ಟೊಂದು ಯಾಕೆ ಬೀಳುತ್ತದೆ? ಡಬಲ್ ಎಕ್ಸ್‌ಚೇಂಜ್ ಅಂದರೆ ಉತ್ತರ ಮುಗೀತಲ್ವಾ?”

ಅರ್ಧ ಮುಗಿಯಿತು, ಅಷ್ಟೇ. ನಾನೂ ತುಂಬಾ ದಿನ ಹಾಗೇ ಅಂದುಕೊಂಡಿದ್ದೆ.

ಮೊದಲು ಆ ಅರ್ಧ ನೋಡೋಣ. LaMnO3ದಲ್ಲಿ ಮ್ಯಾಂಗನೀಸ್ ಎಲ್ಲ Mn3+. ಲ್ಯಾಂಥನಮ್ ಜಾಗದಲ್ಲಿ ಮೂರರಲ್ಲಿ ಒಂದು ಭಾಗ ಕ್ಯಾಲ್ಸಿಯಂ ಹಾಕಿದರೆ ಅಷ್ಟೇ ಪಾಲು ಮ್ಯಾಂಗನೀಸ್ Mn4+ ಆಗುತ್ತದೆ. ಎರಡರಲ್ಲೂ t2g ಮಟ್ಟದಲ್ಲಿ ಮೂರು ಎಲೆಕ್ಟ್ರಾನ್ ಜಾಗ ಬಿಡದೆ ಕೂತಿರುತ್ತವೆ. Mn3+ನಲ್ಲಿ ಮಾತ್ರ eg ಮಟ್ಟದಲ್ಲಿ ಇನ್ನೊಂದಿದೆ. ಓಡಾಡುವುದು ಅದೇ. ಅದು ನಡುವಿನ ಆಕ್ಸಿಜನ್ ದಾಟಿ ಪಕ್ಕದ Mn4+ಗೆ ಹೋಗಬೇಕು. 1951ರಲ್ಲಿ ಝೀನರ್ ಹೇಳಿದ್ದು ಇದನ್ನೇ: Mn3+ನಿಂದ ಆಕ್ಸಿಜನ್‌ಗೆ ಒಂದು ಎಲೆಕ್ಟ್ರಾನ್, ಅದೇ ಹೊತ್ತಿಗೆ ಆಕ್ಸಿಜನ್‌ನಿಂದ Mn4+ಗೆ ಇನ್ನೊಂದು. ಎರಡು ಜಿಗಿತ ಒಟ್ಟಿಗೆ, ಅದಕ್ಕೇ ‘ಡಬಲ್’.

ಹುಂಡ್ ನಿಯಮದಿಂದಾಗಿ ಓಡಾಡುವ ಎಲೆಕ್ಟ್ರಾನ್‌ನ ಸ್ಪಿನ್, ತಾನು ಹೋಗಿ ಕೂರುವ ಅಯಾನಿನ ಆ ಮೂರರ ಸ್ಪಿನ್ ಕಡೆಗೇ ಇರಬೇಕು. ಇಲ್ಲದಿದ್ದರೆ ಶಕ್ತಿ ಜಾಸ್ತಿ ಬೇಕು. ಹಾಗಾಗಿ ಪಕ್ಕಪಕ್ಕದ ಅಯಾನುಗಳ ಸ್ಪಿನ್ ನಡುವೆ θ ಕೋನ ಇದ್ದರೆ ಜಿಗಿತದ ಬಲ t = t0 cos(θ/2) ಅಂತ 1955ರಲ್ಲಿ ಆಂಡರ್ಸನ್ ಮತ್ತು ಹಸೆಗಾವಾ ತೋರಿಸಿದರು. ಸ್ಪಿನ್‌ಗಳು ಒಂದೇ ಕಡೆ ತಿರುಗಿದ್ದರೆ ಹಾದಿ ಸಲೀಸು, ಎದುರುಬದುರಾದರೆ ಬಂದ್. ಕಾಂತಕ್ಷೇತ್ರ ಸ್ಪಿನ್‌ಗಳನ್ನು ಒಂದೇ ಕಡೆ ತಿರುಗಿಸುತ್ತದೆ, ರೆಸಿಸ್ಟೆನ್ಸ್ ಇಳಿಯುತ್ತದೆ. ಇಳಿಯಬೇಕು ಅನ್ನುವುದು ಇಷ್ಟರಿಂದಲೇ ಗೊತ್ತಾಗುತ್ತದೆ.

ಆದರೆ ಎಷ್ಟು ಇಳಿಯಬೇಕು? ನೀವೇ ಲೆಕ್ಕ ಹಾಕಿ ನೋಡಿ. ಕ್ಯೂರಿ ತಾಪಮಾನದ (ಈ ಮಾದರಿಗೆ ಸುಮಾರು 260 ಕೆಲ್ವಿನ್) ಮೇಲೆ ಸ್ಪಿನ್‌ಗಳು ಯಾವ್ಯಾವ ಕಡೆಗೋ ತಿರುಗಿರುತ್ತವೆ. ಎಲ್ಲ ದಿಕ್ಕಿಗೂ ಸಮನಾಗಿ ಹಂಚಿ cos(θ/2)ದ ಸರಾಸರಿ ತೆಗೆದರೆ 2/3 ಬರುತ್ತದೆ. ಅಂದರೆ ಪೂರ್ತಿ ಗೊಂದಲದಲ್ಲೂ ಜಿಗಿತ ಕಡಿಮೆಯಾಗುವುದು ಮೂರನೇ ಒಂದು ಪಾಲು ಮಾತ್ರ! ಇಷ್ಟಕ್ಕೇ ಲೋಹ ಹೋಗಿ ಅವಾಹಕದಂಥದ್ದು ಆಗಿಬಿಡುವುದಿಲ್ಲ. ಆದರೆ ಪ್ರಯೋಗದಲ್ಲಿ ಕಾಣುವುದು ಅದೇ: 260ರ ಮೇಲೆ ಬಿಸಿ ಮಾಡಿದಷ್ಟೂ ರೆಸಿಸ್ಟೆನ್ಸ್ ಇಳಿಯುತ್ತದೆ, ಅವಾಹಕದ ನಡತೆ. ಮಿಲ್ಲಿಸ್, ಲಿಟಲ್‌ವುಡ್, ಶ್ರೈಮನ್ 1995ರಲ್ಲಿ ಎತ್ತಿದ ತಕರಾರೂ ಇದೇ, ಡಬಲ್ ಎಕ್ಸ್‌ಚೇಂಜ್ ಒಂದೇ ಸಾಲದು ಅಂತ.

ಉಳಿದ ಅರ್ಧ ಹರಳಿನ ಜಾಲದಲ್ಲಿದೆ. ಒಂಟಿ eg ಎಲೆಕ್ಟ್ರಾನ್ ಇರುವ Mn3+ ತನ್ನ ಸುತ್ತಲಿನ ಆರು ಆಕ್ಸಿಜನ್‌ಗಳ ಗೂಡನ್ನು ಹಿಗ್ಗಿಸಿ ಸೊಟ್ಟ ಮಾಡುತ್ತದೆ, ಇದು ಯಾನ್-ಟೆಲ್ಲರ್ ವಿರೂಪ. Mn4+ನ ಗೂಡು ನೆಟ್ಟಗಿರುತ್ತದೆ. ಜಿಗಿತ ಸಲೀಸಾಗಿದ್ದಾಗ ಗೂಡು ಸೊಟ್ಟಗಾಗುವ ಮೊದಲೇ ಎಲೆಕ್ಟ್ರಾನ್ ಮುಂದೆ ಹೋಗಿರುತ್ತದೆ. ಜಿಗಿತ ಸ್ವಲ್ಪ ನಿಧಾನವಾಯಿತೋ, ಎಲೆಕ್ಟ್ರಾನ್ ತಾನೇ ತೋಡಿದ ಹಳ್ಳದಲ್ಲಿ ಸಿಕ್ಕಿಕೊಳ್ಳುತ್ತದೆ, ಅದೇ ಪೋಲಾರಾನ್. ಈ ವಸ್ತು ಆ ಗೆರೆಯ ಮೇಲೇ ನಿಂತಿದೆ. ಅದಕ್ಕೇ ಮೂರನೇ ಒಂದು ಪಾಲಿನ ವ್ಯತ್ಯಾಸ ಇಷ್ಟು ದೊಡ್ಡದಾಗುತ್ತದೆ.

ಪುರಾವೆ ಬೇಕಾ? ಸಾಮಾನ್ಯ ಆಕ್ಸಿಜನ್ ತೆಗೆದು ಭಾರದ ಆಕ್ಸಿಜನ್-18 ಹಾಕಿ. ಸ್ಪಿನ್ ಲೆಕ್ಕದಲ್ಲಿ ಪರಮಾಣುವಿನ ತೂಕ ಬರುವುದೇ ಇಲ್ಲ, ಆದರೂ ಕ್ಯಾಲ್ಸಿಯಂ 0.2 ಇರುವ ಮಾದರಿಯಲ್ಲಿ ಕ್ಯೂರಿ ತಾಪಮಾನ ಸುಮಾರು 20 ಕೆಲ್ವಿನ್ ಇಳಿಯಿತು (1996). ಆಕ್ಸಿಜನ್ ಅಲುಗಾಟಕ್ಕೆ ಇದರಲ್ಲಿ ಪಾಲಿಲ್ಲದಿದ್ದರೆ ಹೀಗಾಗುತ್ತಿರಲಿಲ್ಲ.

ಪರಿಣಾಮ ಕ್ಯೂರಿ ತಾಪಮಾನದ ಹತ್ತಿರವೇ ಯಾಕೆ ಜಾಸ್ತಿ ಅಂದರೆ, 5 ಟೆಸ್ಲಾ ಕ್ಷೇತ್ರ ಒಂದು ಅಯಾನಿನ ಮೇಲೆ ಹಾಕುವ ಒತ್ತಡ ತಾಪಮಾನದ ಲೆಕ್ಕದಲ್ಲಿ 12-13 ಕೆಲ್ವಿನ್ ಅಷ್ಟೇ. 260ರ ಮುಂದೆ ಅದೇನೂ ಅಲ್ಲ. ಸ್ಪಿನ್‌ಗಳು ಯಾವ ಕಡೆ ವಾಲಲಿ ಅಂತ ತೂಗಾಡುತ್ತಿರುವ ಜಾಗದಲ್ಲಿ ಮಾತ್ರ ಆ ಸಣ್ಣ ತಳ್ಳು ಸಾಕು.

ಅಳತೆ ಮಾಡುವವರಾದರೆ ಎರಡು ಕಡೆ ಮೋಸ ಹೋಗಬೇಡಿ. ಒಂದು, ಶೇಕಡಾ ಲೆಕ್ಕ. 1994ರ ಪ್ರಸಿದ್ಧ ತೆಳು ಪದರದ 1,27,000% ಅನ್ನುವುದು ಬದಲಾವಣೆಯನ್ನು ಕ್ಷೇತ್ರ ಕೊಟ್ಟ ಮೇಲಿನ ರೆಸಿಸ್ಟೆನ್ಸ್‌ನಿಂದ ಭಾಗಿಸಿದ್ದು. ಕ್ಷೇತ್ರ ಇಲ್ಲದಾಗಿನದರಿಂದ ಭಾಗಿಸಿದರೆ ಅದೇ ಅಳತೆ 99.9% ಆಗುತ್ತದೆ, 100% ದಾಟುವುದೇ ಇಲ್ಲ.

ಇನ್ನೊಂದಕ್ಕೆ ನಾನೇ ಬಿದ್ದೆ. ಪುಡಿ ಒತ್ತಿ, ಸಾಕಷ್ಟು ಬಿಸಿಯಲ್ಲಿ ಸುಡದೆ ಮಾಡಿದ ಬಿಲ್ಲೆಯಲ್ಲಿ ರೆಸಿಸ್ಟೆನ್ಸ್‌ನ ಶಿಖರ ಕ್ಯೂರಿ ತಾಪಮಾನಕ್ಕಿಂತ ತುಂಬಾ ಕೆಳಗೆ ಬಂತು, ಕಡಿಮೆ ತಾಪಮಾನದಲ್ಲೂ ಸಣ್ಣ ಕ್ಷೇತ್ರಕ್ಕೇ ರೆಸಿಸ್ಟೆನ್ಸ್ ಬೀಳುತ್ತಿತ್ತು. ಹೊಸದೇನೋ ಸಿಕ್ಕಿತು ಅಂತ ಕುಣಿದೆ. ಅದು ಕಣಗಳ ಅಂಚಿನ ಆಟ: ಒಂದು ಕಣದಿಂದ ಇನ್ನೊಂದಕ್ಕೆ ಸ್ಪಿನ್ ಹೊಂದದಿದ್ದರೆ ಎಲೆಕ್ಟ್ರಾನ್ ದಾಟುವುದಿಲ್ಲ, ಸಣ್ಣ ಕ್ಷೇತ್ರ ಕಣಗಳನ್ನು ಹೊಂದಿಸುತ್ತದೆ. ಅದೇ ಬಿಲ್ಲೆಯ ಕಾಂತೀಯತೆ ಅಳೆದಾಗ ಕ್ಯೂರಿ ತಾಪಮಾನ ಎಲ್ಲಿರಬೇಕೋ ಅಲ್ಲೇ ಇತ್ತು. ಈಗ ಎರಡನ್ನೂ ಒಟ್ಟಿಗೆ ಅಳೆಯದೆ ಗ್ರಾಫ್ ಹಾಕುವುದಿಲ್ಲ.