ಬೆಳಗಾವಿಯ ಬೋರ್ಡಿನಲ್ಲಿ ಎಳ್ಳುಂಡೆ

ಖಡೇಬಜಾರಿನ ಮಿಠಾಯಿ ಅಂಗಡಿ ಬೋರ್ಡಿನ ಫೋಟೊ ಕಳಿಸಿ, "ಈ ಮರಾಠಿ ಸಾಲಿಗೆ ಸುಮ್ನೆ ಅರ್ಥ ಹೇಳು. ಅಲ್ಲಾ, ನಿಮ್ಮೂರಲ್ಲಿ ಕನ್ನಡ ನಡೆಯುತ್ತದಾ?" ಅಂತ ಕೇಳಿದ್ದೀಯ. ನಡೆಯುತ್ತದೆ ಮಾರಾಯ. ಅದೇ ಫೋಟೊದ ಮೇಲಿನ ಅರ್ಧ ನೋಡು, ದೊಡ್ಡ ಅಕ್ಷರದಲ್ಲಿ ಇರುವುದು ಕನ್ನಡವೇ. ರಾಜ್ಯದ ಕನ್ನಡ ಭಾಷಾ ಕಾಯ್ದೆಗೆ ಆದ 2024ರ ತಿದ್ದುಪಡಿಯಿಂದ ಅಂಗಡಿ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಫ್ಲೆಕ್ಸ್ ಅಂಗಡಿಗೆ ಅಂಥ ಸಾಲುಗಳನ್ನು ಬರೆದುಕೊಡುವುದು ನನ್ನ ಕೆಲಸ. ಅಳತೆ ಹಾಕಿ ಕನ್ನಡ ತುಂಬುವುದು ಸುಲಭ. ಆ ಕನ್ನಡ ಗಿರಾಕಿಯನ್ನು ಒಳಗೆ ಕರೆಯಬೇಕಲ್ಲ, ಕಷ್ಟ ಅಲ್ಲಿದೆ.

ನೀನು ಕೇಳಿದ ಸಾಲು "ತಿಳಗೂಳ ಘ್ಯಾ, ಗೋಡ ಗೋಡ ಬೋಲಾ". ಸಂಕ್ರಾಂತಿಯ ದಿನ ಮರಾಠಿ ಮನೆಗಳಲ್ಲಿ ಎಲ್ಲರೂ ಆಡುವ ಮಾತು. ಎಳ್ಳು ಬೆಲ್ಲ ತಗೊಳ್ಳಿ, ಸಿಹಿಯಾಗಿ ಮಾತಾಡಿ ಅಂತ. ಆದರೆ "ಘ್ಯಾ" ಅಂದರೆ ಕೈಗೆ ತಗೊಳ್ಳಿ ಅಂತಲೂ ಹೌದು, ಕೊಳ್ಳಿ ಅಂತಲೂ ಹೌದು. ಮನೆಯಲ್ಲಿ ಅದು ಹಾರೈಕೆ, ಅಂಗಡಿ ಮೇಲೆ ಏರಿದರೆ ವ್ಯಾಪಾರ.

ನಮ್ಮಲ್ಲೂ "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಇದೆಯಲ್ಲ, ಅದನ್ನೇ ಹಾಕು ಅನ್ನುತ್ತೀಯ. ಹೋದ ಸಲ ನಾನೂ ಅದನ್ನೇ ಹಾಕಿದ್ದೆ. "ತಿಂದು" ಅಂದ ಕೂಡಲೇ ಕೊಳ್ಳುವ ಮಾತು ಬಿಟ್ಟುಹೋಯಿತು. ಅದಕ್ಕಿಂತ ಜಾಸ್ತಿ ತೊಂದರೆಯಾದದ್ದು "ಎಳ್ಳು ಬೆಲ್ಲ"ದಿಂದ. ಮರಾಠಿಯವರ ತಿಳಗೂಳ ಎಂದರೆ ಉಂಡೆ. ನಿಮ್ಮ ಮೈಸೂರು ಕಡೆಯ ಎಳ್ಳು ಬೆಲ್ಲದಲ್ಲಿ ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಎಲ್ಲ ಇರುತ್ತದೆ. ಆ ಕಡೆಯಿಂದ ವರ್ಗವಾಗಿ ಬಂದ ಮೇಷ್ಟ್ರೊಬ್ಬರು ಬೋರ್ಡ್ ಓದಿ ಒಳಗೆ ಹೋಗಿ, ಬರೀ ಉಂಡೆ ನೋಡಿ ವಾಪಸ್ ಬಂದರಂತೆ. ಅಂಗಡಿಯವರು ನನಗೆ ಫೋನ್ ಮಾಡಿದರು.

ಈ ಸಲ ಹೀಗೆ ಬರೆದೆ: "ಎಳ್ಳುಂಡೆ ತಗೊಳ್ಳಿ, ಒಳ್ಳೆ ಮಾತಾಡಿ". ಕನ್ನಡದ "ತಗೊಳ್ಳಿ"ಗೂ ಎರಡೂ ಅರ್ಥ ಇವೆ, ಅಂಗಡಿಯಲ್ಲಿ ಸೀರೆ ತಗೊಂಡೆ ಅನ್ನುತ್ತೇವಲ್ಲ, ಹಾಗೆ. "ಗೋಡ ಗೋಡ" ಹೋಯಿತು, ನಿಜ. ಆದರೆ ಎಳ್ಳು, ತಗೊಳ್ಳಿ, ಒಳ್ಳೆ, ಮೂರರಲ್ಲೂ "ಳ್ಳ" ಬಂತು. ಜೋರಾಗಿ ಓದಿ ನೋಡು, ನಾಲಿಗೆಯ ಮೇಲೆ ಉರುಳುತ್ತದೆ. ಒಂದೇ ತಾಪತ್ರಯ ಎಂದರೆ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಫ್ಲೆಕ್ಸ್ ಹುಡುಗ ಸಾಲುಗಳನ್ನು ಒತ್ತಾಗಿ ಕೂರಿಸಿದರೆ ಒತ್ತು ಕೆಳಗಿನ ಮರಾಠಿ ಸಾಲಿನ ತಲೆಗಟ್ಟಿಗೆ ತಾಗುತ್ತದೆ. ಅದಕ್ಕೇ ಅಚ್ಚಿಗೆ ಹೋಗುವ ಮುಂಚೆ ಒಮ್ಮೆ ನಾನೇ ಹೋಗಿ ನೋಡುತ್ತೇನೆ.

ನನಗೆ ಮರಾಠಿ ಬರುತ್ತದೆ, ಅದಕ್ಕೇ ಈ ಕನ್ನಡ ಹೊಳೆಯಿತು. ಇಲ್ಲಿ ಹುಟ್ಟಿದವರಿಗೆ ಎರಡೂ ಮನೆಮಾತಿನ ಹಾಗೆಯೇ. ಹಾಗಂತ ನಮ್ಮ ಕನ್ನಡ ಕಮ್ಮಿ ಅಂತ ನೀವು ಅಂದಾಗಲೆಲ್ಲ ನೋವಾಗುತ್ತದೆ. ಮುಂದಿನ ಸಲ ಫೋಟೊ ತೆಗೆದಾಗ ಮೇಲಿನ ಸಾಲನ್ನೂ ಓದು. ಅದನ್ನು ಬರೆಯಲು ನನಗೆ ಎರಡು ದಿನ ಹಿಡಿದಿದೆ.