ಅಜ್ಜನ ಕ್ರಿಯೇಟಿನಿನ್ ನಾರ್ಮಲ್ ಇದೆ, ಆದರೂ ಡಾಕ್ಟರ್ ಹೃದಯದ ಔಷಧ ಡಿಗಾಕ್ಸಿನ್ ಡೋಸ್ ಕಡಿಮೆ ಮಾಡಿದ್ದು ಯಾಕೆ?

ರಿಪೋರ್ಟ್ ನಾರ್ಮಲ್ ಇದ್ದರೂ ಕಿಡ್ನಿಯ ಕೆಲಸ ಅರ್ಧಕ್ಕೆ ಇಳಿದಿರಬಹುದು, ಅದಕ್ಕೇ. ಕ್ರಿಯೇಟಿನಿನ್ ಅನ್ನೋ ಕಸ ಹುಟ್ಟೋದು ಸ್ನಾಯುಗಳಲ್ಲಿ, ಅದನ್ನು ಹೊರಹಾಕೋದು ಕಿಡ್ನಿ. ವಯಸ್ಸಾದಂತೆ ಸ್ನಾಯು ಕರಗುತ್ತೆ, ಕಿಡ್ನಿಯೂ ನಿಧಾನವಾಗುತ್ತೆ. ಹುಟ್ಟೋದೂ ಕಡಿಮೆ, ಹೊರಹೋಗೋದೂ ಕಡಿಮೆ ಆದ್ದರಿಂದ ರಕ್ತದಲ್ಲಿ ಅಂಕಿ ಹಾಗೇ ಉಳಿಯುತ್ತೆ. ಹಾಗಾಗಿ ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿ ರಕ್ತದಿಂದ ಕ್ರಿಯೇಟಿನಿನ್ ತೆಗೆಯುತ್ತೆ ಅಂತ ಡಾಕ್ಟರು ಲೆಕ್ಕ ಹಾಕಿ ನೋಡ್ತಾರೆ:

(140 − ವಯಸ್ಸು) × ತೂಕ ÷ (72 × ಕ್ರಿಯೇಟಿನಿನ್)

60 ಕೆಜಿ ತೂಕದ ಗಂಡಸು, ಕ್ರಿಯೇಟಿನಿನ್ 1 mg/dL ಅಂತಿಟ್ಟುಕೊಳ್ಳಿ. 30ನೇ ವಯಸ್ಸಿಗೆ ನಿಮಿಷಕ್ಕೆ ಸುಮಾರು 92 ಮಿಲಿ ಬರುತ್ತೆ, 80ಕ್ಕೆ ಬರೀ 50. (ಹೆಂಗಸರಿಗೆ ಇದನ್ನು 0.85ರಿಂದ ಗುಣಿಸಬೇಕು.) ಡಿಗಾಕ್ಸಿನ್ ಹೆಚ್ಚಾಗಿ ಕಿಡ್ನಿಯಿಂದಲೇ ಹೊರಹೋಗುವ ಔಷಧ, ಹಳೇ ಡೋಸಿನಲ್ಲೇ ಕೊಟ್ಟರೆ ಮೈಯಲ್ಲಿ ಸೇರುತ್ತಾ ಹೋಗುತ್ತೆ. ಊಟ ಸೇರದಿರುವುದು, ವಾಕರಿಕೆ, ಗೊಂದಲ, ನಾಡಿ ನಿಧಾನವಾಗುವುದು ಕಂಡರೆ ವಯಸ್ಸಾಯ್ತಲ್ವಾ ಅಂತ ಸುಮ್ನೆ ಬಿಡಬೇಡಿ, ಅವತ್ತೇ ಡಾಕ್ಟರಿಗೆ ತಿಳಿಸಿ.